ಅಕ್ಕಿ ಕಾಳಿನ ಉದ್ದದ ದಿಕ್ಕು: ಕೋವೇರಿಯನ್ಸ್ ಮ್ಯಾಟ್ರಿಕ್ಸ್‌ನಿಂದ ಮುಖ್ಯ ಅಕ್ಷ ಕಂಡುಕೊಂಡ ಬಗೆ

ಅಕ್ಕಿಯ ಕಾಳುಗಳನ್ನು ಕಪ್ಪು ಕಾಗದದ ಮೇಲೆ ಹರಡಿ, ಸ್ಕ್ಯಾನರ್‌ನಲ್ಲಿ ಚಿತ್ರ ತೆಗೆದು, ಪ್ರತಿಯೊಂದು ಕಾಳಿನ ಉದ್ದ ಮತ್ತು ಅಗಲಗಳನ್ನು ಅಳೆಯುವ ಕೆಲಸ ನನ್ನದಾಗಿತ್ತು. ಭಾರತದಲ್ಲಿ ಬಳಕೆಯಲ್ಲಿರುವ ವರ್ಗೀಕರಣದ ಪ್ರಕಾರ, 6 ಮಿಲಿಮೀಟರಿಗಿಂತ ಚಿಕ್ಕದಾದ ಕಾಳಿನ ಉದ್ದವನ್ನು ಅಗಲದಿಂದ ಭಾಗಿಸಿದಾಗ 2.5ರಿಂದ 3ರ ನಡುವಿನ ಸಂಖ್ಯೆ ಬಂದರೆ ಅದು ಮಧ್ಯಮ ಸಣ್ಣಕ್ಕಿ; 2.5ಕ್ಕಿಂತ ಕಡಿಮೆ ಬಂದರೆ ಗಿಡ್ಡ ದಪ್ಪಕ್ಕಿ. ಕಾಳುಗಳು ಕಾಗದದ ಮೇಲೆ ಬೇರೆ ಬೇರೆ ದಿಕ್ಕಿಗೆ ಬಿದ್ದಿರುತ್ತವೆಯಾದ್ದರಿಂದ, ಅಳೆಯುವ ಮೊದಲು ಪ್ರತಿ ಕಾಳಿನ ಉದ್ದದ ದಿಕ್ಕನ್ನು ತಿಳಿಯಬೇಕು.

ಈ ದಿಕ್ಕಿನಲ್ಲಿ ಆಗುವ ಸಣ್ಣ ತಪ್ಪೂ ದುಬಾರಿ. 5.5 ಮಿಲಿಮೀಟರ್ ಉದ್ದ, 2.1 ಮಿಲಿಮೀಟರ್ ಅಗಲದ ದೀರ್ಘವೃತ್ತಾಕಾರದ ಕಾಳಿನ ನಿಜವಾದ ಅನುಪಾತ 2.62. ಅದನ್ನು 10 ಡಿಗ್ರಿ ಓರೆಯಾಗಿ ಅಳೆದರೆ ಉದ್ದ 5.43ಕ್ಕೆ ಇಳಿಯುತ್ತದೆ, ಅಗಲ ಮಾತ್ರ 2.28ಕ್ಕೆ ಏರುತ್ತದೆ, ಅನುಪಾತ 2.38 ಆಗುತ್ತದೆ, ಅಂದರೆ ಕಾಳಿನ ವರ್ಗವೇ ಬದಲಾಗುತ್ತದೆ.

ಒಂದು ಕಾಳಿಗೆ ಸೇರಿದ ಪಿಕ್ಸೆಲ್‌ಗಳನ್ನೆಲ್ಲ ಸಮತಲದ ಮೇಲಿನ ಬಿಂದುಗಳ ಸಮೂಹವೆಂದು ನಾನು ಪರಿಗಣಿಸಿದೆ. ಇಂಥ ಸಮೂಹಕ್ಕೆ ಸಾಮಾನ್ಯ ಲೀಸ್ಟ್ ಸ್ಕ್ವೇರ್ಸ್ ರೇಖೆಯನ್ನು ಎಳೆದರೆ ಸಾಲದೇ ಎಂದು ಹಲವರು ಕೇಳಿದ್ದಾರೆ. ಆ ರೇಖೆ ಬಿಂದುಗಳಿಂದ ನೆಟ್ಟಗೆ ಮೇಲಕ್ಕೋ ಕೆಳಕ್ಕೋ ಇರುವ ಅಂತರವನ್ನು ಮಾತ್ರ ಕಡಿಮೆ ಮಾಡುತ್ತದೆ. ಹಾಗಾಗಿ ಕಾಳನ್ನು 30 ಡಿಗ್ರಿ ತಿರುಗಿಸಿದರೆ ರೇಖೆ 30 ಡಿಗ್ರಿಯಷ್ಟೇ ತಿರುಗುವುದಿಲ್ಲ. ನಮಗೆ ಬೇಕಾದದ್ದು ಬಿಂದುಗಳಿಂದ ರೇಖೆಗೆ ಲಂಬವಾಗಿರುವ ಅಂತರಗಳ ವರ್ಗಗಳ ಮೊತ್ತವನ್ನು ಕನಿಷ್ಠಗೊಳಿಸುವ ರೇಖೆ. ಈ ಪ್ರಶ್ನೆಯನ್ನು ಕಾರ್ಲ್ ಪಿಯರ್ಸನ್ 1901ರಲ್ಲಿ ಬಿಡಿಸಿದರು. ಆ ರೇಖೆ ಸಮೂಹದ ಕೇಂದ್ರದ ಮೂಲಕ, ಕೋವೇರಿಯನ್ಸ್ ಮ್ಯಾಟ್ರಿಕ್ಸ್‌ನ ಅತಿ ದೊಡ್ಡ ಐಗೆನ್ ಮೌಲ್ಯಕ್ಕೆ ಸೇರಿದ ಐಗೆನ್ ವೆಕ್ಟರ್‌ನ ದಿಕ್ಕಿನಲ್ಲಿ ಹಾದುಹೋಗುತ್ತದೆ.

ಪ್ರೋಗ್ರಾಂ ಬರೆಯುವ ಮೊದಲು ಐದು ಬಿಂದುಗಳನ್ನಿಟ್ಟುಕೊಂಡು ಕೈಯಲ್ಲೇ ಲೆಕ್ಕ ಮಾಡಿದೆ, ಮತ್ತು ಈ ವಿಧಾನವನ್ನು ಕಲಿಯುವ ಯಾರೇ ಆದರೂ ಹಾಗೆ ಮಾಡುವುದು ಒಳ್ಳೆಯದೆಂದು ಭಾವಿಸುತ್ತೇನೆ. ಬಿಂದುಗಳು (10, 7), (2, 3), (7, 3), (5, 7) ಮತ್ತು (6, 5). ಇವುಗಳ ಸರಾಸರಿ (6, 5). ಪ್ರತಿ ಬಿಂದುವಿನಿಂದ ಸರಾಸರಿಯನ್ನು ಕಳೆದರೆ ಉಳಿಯುವುದು (4, 2), (−4, −2), (1, −2), (−1, 2), (0, 0). ಮೊದಲ ಘಟಕಗಳ ವರ್ಗಗಳ ಮೊತ್ತ 34, ಎರಡನೆಯವುಗಳದ್ದು 16, ಎರಡರ ಗುಣಲಬ್ಧಗಳ ಮೊತ್ತ 12. ಇವನ್ನು 4ರಿಂದ, ಎಂದರೆ ಬಿಂದುಗಳ ಸಂಖ್ಯೆಗಿಂತ ಒಂದು ಕಡಿಮೆಯಿಂದ ಭಾಗಿಸಿದಾಗ ಸಿಗುವ ಮ್ಯಾಟ್ರಿಕ್ಸ್ ಹೀಗಿದೆ:

```
C = [ 8.5   3 ]
    [ 3     4 ]
```

ಕರ್ಣದ ಮೊತ್ತ 12.5, ಡಿಟರ್ಮಿನೆಂಟ್ 25. ಮೊತ್ತ 12.5 ಮತ್ತು ಗುಣಲಬ್ಧ 25 ಆಗುವ ಎರಡು ಸಂಖ್ಯೆಗಳು 10 ಮತ್ತು 2.5, ಇವೇ ಐಗೆನ್ ಮೌಲ್ಯಗಳು. 10ಕ್ಕೆ ಸೇರಿದ ದಿಕ್ಕು (2, 1): ಮ್ಯಾಟ್ರಿಕ್ಸ್‌ನಿಂದ ಅದನ್ನು ಗುಣಿಸಿದರೆ (20, 10) ಬರುತ್ತದೆ, ಎಂದರೆ ದಿಕ್ಕು ಬದಲಾಗದೆ ಹತ್ತು ಪಟ್ಟು ಹಿಗ್ಗುತ್ತದೆ. ಈ ಹತ್ತರ ಅರ್ಥವನ್ನು ಗಮನಿಸಬೇಕು. ಬಿಂದುಗಳ ಹರವು ಅಡ್ಡಕ್ಕೆ ನೋಡಿದರೆ 8.5, ನೆಟ್ಟಗೆ ನೋಡಿದರೆ 4, (2, 1)ರ ದಿಕ್ಕಿನಲ್ಲಿ ನೋಡಿದರೆ 10. ಬೇರೆ ಯಾವ ದಿಕ್ಕಿನಲ್ಲೂ ಅದು ಹತ್ತನ್ನು ಮುಟ್ಟುವುದಿಲ್ಲ. ಮುಖ್ಯ ಅಕ್ಷದ ಕೋನ 26.6 ಡಿಗ್ರಿ, ಇದೇ ಬಿಂದುಗಳಿಗೆ ಲೀಸ್ಟ್ ಸ್ಕ್ವೇರ್ಸ್ ರೇಖೆ ಕೊಡುವುದು 19.4 ಡಿಗ್ರಿ.

ಕಾಳುಗಳಿಗೆ ಬಳಸಿದ ಪ್ರೋಗ್ರಾಂ ಇದಕ್ಕಿಂತ ಹೆಚ್ಚಿನದೇನೂ ಅಲ್ಲ. ಇಲ್ಲಿ `mask` ಎಂಬುದು ಒಂದೇ ಕಾಳಿನ ಪಿಕ್ಸೆಲ್‌ಗಳನ್ನು ಗುರುತಿಸಿದ ಚಿತ್ರ.

```python
ys, xs = np.nonzero(mask)
P = np.column_stack([xs, ys]).astype(float)
D = P - P.mean(axis=0)
C = D.T @ D / (len(D) - 1)
w, V = np.linalg.eigh(C)
u, v = V[:, 1], V[:, 0]
t, s = D @ u, D @ v
length, width = np.ptp(t) + 1, np.ptp(s) + 1
```

`eigh` ಐಗೆನ್ ಮೌಲ್ಯಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ಕೊಡುತ್ತದೆ, ವೆಕ್ಟರ್‌ಗಳು ಕಂಬಸಾಲುಗಳಲ್ಲಿರುತ್ತವೆ. ಆದ್ದರಿಂದ ಮುಖ್ಯ ಅಕ್ಷ ಎರಡನೆಯ ಕಂಬಸಾಲು. ವೆಕ್ಟರ್‌ನ ಚಿಹ್ನೆಗೆ ಅರ್ಥವಿಲ್ಲ, ಏಕೆಂದರೆ ಅಕ್ಷಕ್ಕೆ ಹಿಂದು ಮುಂದು ಇಲ್ಲ. ಚಿತ್ರದಲ್ಲಿ ಸಾಲುಗಳ ಸಂಖ್ಯೆ ಕೆಳಮುಖವಾಗಿ ಬೆಳೆಯುವುದರಿಂದ ಕೋನ ತಲೆಕೆಳಗಾಗಿ ಕಂಡರೂ ಉದ್ದ ಅಗಲಗಳಿಗೆ ಅದರಿಂದ ಬಾಧೆಯಿಲ್ಲ. ಕೊನೆಯಲ್ಲಿ ಒಂದನ್ನು ಕೂಡಿಸಿರುವುದು, ಅಂತರವು ಪಿಕ್ಸೆಲ್‌ಗಳ ಮಧ್ಯದಿಂದ ಮಧ್ಯಕ್ಕೆ ಮಾತ್ರ ಸಿಗುತ್ತದೆ ಎಂಬ ಕಾರಣಕ್ಕೆ.

ಕಾಳಿನ ಅಂಚಿನ ಅತಿ ದೂರದ ಎರಡು ಬಿಂದುಗಳನ್ನು ಸೇರಿಸಿಯೂ ದಿಕ್ಕನ್ನು ಪಡೆಯಬಹುದು. ಆದರೆ ಆಗ ಇಡೀ ಕೋನ ಎರಡೇ ಪಿಕ್ಸೆಲ್‌ಗಳನ್ನು ಅವಲಂಬಿಸುತ್ತದೆ, ತುದಿಯಲ್ಲಿ ಸ್ವಲ್ಪ ಚಿಪ್ಪೆದ್ದಿದ್ದರೂ ಓಲಾಡುತ್ತದೆ. ಐಗೆನ್ ವೆಕ್ಟರ್‌ನಲ್ಲಿ ಎಲ್ಲ ಪಿಕ್ಸೆಲ್‌ಗಳ ಪಾಲೂ ಇದೆ. ಇಂಚಿಗೆ 600 ಚುಕ್ಕೆಗಳ ಸ್ಕ್ಯಾನ್‌ನಲ್ಲಿ ಮೇಲೆ ಹೇಳಿದ ಕಾಳು ಸುಮಾರು 130 ಪಿಕ್ಸೆಲ್ ಉದ್ದ, 50 ಪಿಕ್ಸೆಲ್ ಅಗಲವಿದ್ದು ಸುಮಾರು 5,100 ಪಿಕ್ಸೆಲ್‌ಗಳನ್ನು ಒಳಗೊಂಡಿರುತ್ತದೆ.

ಇಷ್ಟೊಂದು ಪಿಕ್ಸೆಲ್‌ಗಳಿರುವಾಗ ಒಂದು ಧೂಳಿನ ಕಣ ಏನು ಮಾಡೀತು ಎನ್ನಿಸಬಹುದು. ದೂರದ ವರ್ಗವೇ ಇಲ್ಲಿ ತೂಕ ಎಂಬುದನ್ನು ಮರೆತರೆ ಮಾತ್ರ ಹಾಗೆ ಅನ್ನಿಸುತ್ತದೆ. ಕಾಳಿನ ಎಲ್ಲ ಪಿಕ್ಸೆಲ್‌ಗಳೂ ಸೇರಿ ಉದ್ದದ ದಿಕ್ಕಿನಲ್ಲಿ ಕೊಡುವ ವರ್ಗಗಳ ಮೊತ್ತ ಸುಮಾರು 54 ಲಕ್ಷ. ಕಾಳಿನಿಂದ 1,000 ಪಿಕ್ಸೆಲ್ ದೂರದಲ್ಲಿರುವ, ಕೇವಲ 20 ಪಿಕ್ಸೆಲ್‌ಗಳ ಕಣವೊಂದು ಅದೇ `mask`ನಲ್ಲಿ ಉಳಿದುಬಿಟ್ಟರೆ ಅದರ ಕೊಡುಗೆ ಸುಮಾರು 2 ಕೋಟಿ. ಆಗ ಅಕ್ಷವು ಕಾಳನ್ನು ಬಿಟ್ಟು ಧೂಳಿನ ಕಡೆಗೆ ತಿರುಗುತ್ತದೆ. ಆದ್ದರಿಂದ ಒಂದಕ್ಕೊಂದು ತಾಗಿಕೊಂಡಿರುವ ಪಿಕ್ಸೆಲ್‌ಗಳ ಗುಂಪುಗಳನ್ನು ಮೊದಲು ಬೇರ್ಪಡಿಸಿ, ಪ್ರತಿ ಗುಂಪಿಗೂ ಪ್ರತ್ಯೇಕವಾಗಿ ಲೆಕ್ಕ ಮಾಡಿ, ತೀರ ಸಣ್ಣ ಗುಂಪುಗಳನ್ನು ಕೈಬಿಡುತ್ತೇನೆ.

ದಿಕ್ಕನ್ನು ನಂಬಬಹುದೇ ಎಂಬುದಕ್ಕೆ ಉತ್ತರ ಐಗೆನ್ ಮೌಲ್ಯಗಳಲ್ಲೇ ಇದೆ. ದೊಡ್ಡದನ್ನು ಚಿಕ್ಕದರಿಂದ ಭಾಗಿಸಿ ವರ್ಗಮೂಲ ತೆಗೆದರೆ, ದೀರ್ಘವೃತ್ತಕ್ಕೂ ಆಯತಕ್ಕೂ ಅದು ನೇರವಾಗಿ ಉದ್ದ ಅಗಲಗಳ ಅನುಪಾತವೇ ಆಗುತ್ತದೆ. ಕಾಳಿನ ಆಕಾರ ಇವೆರಡರ ನಡುವೆ ಇರುವುದರಿಂದ, ಪ್ರೋಗ್ರಾಂ ಅಳೆದ `length`, `width`ಗಳ ಅನುಪಾತ ಇದಕ್ಕೆ ಹತ್ತಿರವಿರಬೇಕು. ತುಂಬ ದೂರವಿದ್ದರೆ ಆ ಕಾಳಿನ ಚಿತ್ರವನ್ನು ತೆರೆದು ನೋಡುತ್ತೇನೆ. ಈ ವರ್ಗಮೂಲ 1ರ ಸಮೀಪಕ್ಕೆ ಬಂದರೆ ಹರವು ಎಲ್ಲ ಕಡೆಗೂ ಒಂದೇ ಆಗಿರುತ್ತದೆ. ಆಗಲೂ `eigh` ಯಾವುದೋ ಒಂದು ದಿಕ್ಕನ್ನು ಯಾವ ಎಚ್ಚರಿಕೆಯೂ ಇಲ್ಲದೆ ಕೊಡುತ್ತದೆ, ಆದರೆ ಅಂಚಿನ ಕೆಲವೇ ಪಿಕ್ಸೆಲ್‌ಗಳು ಬದಲಾದರೂ ಅದು ಎಲ್ಲಿಗೋ ತಿರುಗುತ್ತದೆ. ನಾನು 1.2ಕ್ಕಿಂತ ಕಡಿಮೆ ಬಂದದ್ದಕ್ಕೆ ದಿಕ್ಕನ್ನು ದಾಖಲಿಸುವುದಿಲ್ಲ.

ಹೀಗೆ ಬದಿಗಿಟ್ಟವುಗಳಲ್ಲಿ ಎರಡು ಬಗೆ ಕಾಣುತ್ತವೆ. ಒಂದು, ನುಚ್ಚು. ಇನ್ನೊಂದು, ಪಕ್ಕಪಕ್ಕದಲ್ಲಿ ಉದ್ದಕ್ಕೂ ತಾಗಿಕೊಂಡು ಒಂದೇ ಗುಂಪಾಗಿ ಎಣಿಕೆಯಾದ ಎರಡು ಇಡೀ ಕಾಳುಗಳು: ಮೇಲಿನ ಅಳತೆಯ ಎರಡು ಕಾಳುಗಳು ಹಾಗೆ ಕೂಡಿದರೆ ವರ್ಗಮೂಲ ಸುಮಾರು 1.17 ಬರುತ್ತದೆ. ಇವೆರಡನ್ನು ಪಿಕ್ಸೆಲ್‌ಗಳ ಎಣಿಕೆ ಸುಲಭವಾಗಿ ಬೇರ್ಪಡಿಸುತ್ತದೆ, ಏಕೆಂದರೆ ನುಚ್ಚಿನಲ್ಲಿ ಅದು ಇಡೀ ಕಾಳಿನದಕ್ಕಿಂತ ಕಡಿಮೆ, ಜೋಡಿಯಲ್ಲಿ ಸುಮಾರು ಎರಡರಷ್ಟು. ಜೋಡಿಗಳು ಹೆಚ್ಚಾಗಿ ಸಿಕ್ಕಿದ ಹಾಳೆಯ ಕಾಳುಗಳನ್ನು ಬಿಡಿಬಿಡಿಯಾಗಿ ಹರಡಿ ಮತ್ತೆ ಸ್ಕ್ಯಾನ್ ಮಾಡುತ್ತೇನೆ.