ನಾಳೆ ಆನ್‌ಲೈನ್ ಪರೀಕ್ಷೆಯೇ? ಇಂಟರ್ನೆಟ್ ಎಲ್ಲಿ ಕೈಕೊಡುತ್ತದೆ ಎಂದು ಇಂದೇ ನೋಡಿಕೊಳ್ಳಿ

ಕ್ಯಾಮೆರಾ ಕಣ್ಗಾವಲಿನಲ್ಲಿ ನಡೆಯುವ ಆನ್‌ಲೈನ್ ಪರೀಕ್ಷೆಯಲ್ಲಿ ಪ್ರಶ್ನೆಗಳು ನಿಮ್ಮ ಪರದೆಗೆ ಬರಲು ಬೇಕಾಗುವ ಇಂಟರ್ನೆಟ್ ತೀರಾ ಕಡಿಮೆ. ಭಾರವೆಲ್ಲ ಇರುವುದು ಎದುರು ದಿಕ್ಕಿನಲ್ಲಿ. ನಿಮ್ಮ ಮುಖದ ವಿಡಿಯೊ, ಕೋಣೆಯ ಸದ್ದು, ಎಷ್ಟೋ ಪರೀಕ್ಷೆಗಳಲ್ಲಿ ಇಡೀ ಪರದೆಯ ಚಿತ್ರ ಕೂಡ ಎರಡು ಮೂರು ತಾಸು ಎಡೆಬಿಡದೆ ನಿಮ್ಮ ಕಂಪ್ಯೂಟರ್‌ನಿಂದ ಹೊರಗೆ ಹೋಗುತ್ತಿರಬೇಕು. ಅಂದರೆ ಇಲ್ಲಿ ಮುಖ್ಯವಾಗುವುದು ಡೌನ್‌ಲೋಡ್ ಅಲ್ಲ, ಅಪ್‌ಲೋಡ್. ಅದರಲ್ಲೂ ವೇಗಕ್ಕಿಂತ ಹೆಚ್ಚಾಗಿ ಅದು ನಡುವೆ ತುಂಡಾಗದೆ ಇರುವುದು.

‘ನಮ್ಮ ಮನೆಯಲ್ಲಿ ಸಿನಿಮಾ ಒಮ್ಮೆಯೂ ನಿಲ್ಲದೆ ಓಡುತ್ತದೆ’ ಎಂಬ ಧೈರ್ಯವನ್ನು ಇಲ್ಲಿ ನಂಬಬೇಡಿ. ಸಿನಿಮಾ ತೋರಿಸುವ ಆ್ಯಪ್ ಮುಂದಿನ ಒಂದಷ್ಟು ಭಾಗವನ್ನು ಮೊದಲೇ ತಂದಿಟ್ಟುಕೊಂಡಿರುತ್ತದೆ. ಹತ್ತು ಸೆಕೆಂಡ್ ಸಂಪರ್ಕ ಹೋದರೂ ನಿಮಗೆ ಗೊತ್ತಾಗುವುದಿಲ್ಲ. ನೇರವಾಗಿ ಹೋಗುವ ಕ್ಯಾಮೆರಾ ವಿಡಿಯೊಗೆ ಅಂಥ ದಾಸ್ತಾನು ಇರುವುದಿಲ್ಲ. ಅದೇ ಹತ್ತು ಸೆಕೆಂಡ್ ಮೇಲ್ವಿಚಾರಕರ ಪರದೆಯಲ್ಲಿ ನಿಮ್ಮ ಚೌಕ ಕಪ್ಪಾಗುತ್ತದೆ, ಪರೀಕ್ಷೆ ನಿಲ್ಲಬಹುದು.

ಹಿಂದಿನ ದಿನ, ಅದೇ ಹೊತ್ತಿಗೆ

ಪರೀಕ್ಷೆ ನಾಳೆ ಬೆಳಿಗ್ಗೆ 10ಕ್ಕೆ ಇದ್ದರೆ ಇಂದು ಬೆಳಿಗ್ಗೆ 10ಕ್ಕೇ ಕುಳಿತುಕೊಳ್ಳಿ. ಅದೇ ಕೋಣೆ, ಅದೇ ಮೇಜು, ಅದೇ ಲ್ಯಾಪ್‌ಟಾಪ್, ಅದೇ ಚಾರ್ಜರ್ ಇರಲಿ. ರಾತ್ರಿ 11ಕ್ಕೆ ಹಾಲ್‌ನಲ್ಲಿ ಕುಳಿತು ಮಾಡಿದ ಪರಿಶೀಲನೆಯಿಂದ ಬೆಳಗಿನ ಹೊತ್ತು ಒಳಕೋಣೆಯಲ್ಲಿ ಏನಾಗುತ್ತದೆ ಎಂಬುದು ತಿಳಿಯದು. ಪರೀಕ್ಷಾ ಸಂಸ್ಥೆ ಕೊಟ್ಟಿರುವ ಸಿಸ್ಟಮ್ ತಪಾಸಣೆಯ ಲಿಂಕ್ ಅನ್ನು ಮೊದಲು ನಡೆಸಿ. ಕ್ಯಾಮೆರಾ, ಮೈಕ್, ಬ್ರೌಸರ್ ಸರಿಯಿವೆಯೇ ಎಂದು ಅದು ಹೇಳುತ್ತದೆ. ಆದರೆ ಅದು ಮುಗಿಯುವುದು ಒಂದೆರಡು ನಿಮಿಷದಲ್ಲಿ. ಮೂರು ತಾಸಿನ ಸಂಪರ್ಕದ ಗುಣ ಅಷ್ಟರಲ್ಲಿ ಕಾಣುವುದಿಲ್ಲ.

ನಂತರ ಯಾವುದಾದರೂ ವೇಗಪರೀಕ್ಷೆಯ ಪುಟ ತೆರೆದು ಅಪ್‌ಲೋಡ್ ಅಂಕಿಯನ್ನು ಮಾತ್ರ ಬರೆದುಕೊಳ್ಳಿ. ಸಂಸ್ಥೆ ಕೇಳಿರುವುದರ ಕನಿಷ್ಠ ಮೂರು ಪಟ್ಟು ಇದ್ದರೆ ನಿಶ್ಚಿಂತೆ. 1 ಎಂಬಿಪಿಎಸ್ ಕೇಳಿದ್ದರೆ 3 ಇರಲಿ. ಅದು ಸಿಕ್ಕಿತೆಂದರೆ ವೇಗದ ಮಾತು ಅಲ್ಲಿಗೆ ಬಿಡಿ, ಮುಂದಿನ ತಪಾಸಣೆಗೆ ಹೆಚ್ಚು ಸಮಯ ಕೊಡಿ.

ತುಂಡಾಗುವುದು ಎಲ್ಲಿ?

ನಿಮ್ಮ ಲ್ಯಾಪ್‌ಟಾಪ್‌ನಿಂದ ಹೊರಟ ವಿಡಿಯೊ ಮೊದಲು ಮನೆಯ ರೂಟರ್‌ಗೆ ಹೋಗುತ್ತದೆ, ಅಲ್ಲಿಂದ ಹೊರಗಿನ ಲೈನ್‌ಗೆ. ಕೊಂಡಿ ಕಳಚುವುದು ಈ ಎರಡರಲ್ಲಿ ಯಾವ ಹಂತದಲ್ಲಿ ಎಂದು ತಿಳಿದರೆ ಅರ್ಧ ಕೆಲಸ ಮುಗಿದಂತೆ, ಏಕೆಂದರೆ ಮೊದಲನೆಯದರ ಪರಿಹಾರ ನಿಮ್ಮ ಕೈಯಲ್ಲೇ ಇದೆ, ಎರಡನೆಯದರದ್ದು ಇಲ್ಲ.

ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು `ipconfig` ಎಂದು ಟೈಪ್ ಮಾಡಿ. `Default Gateway` ಎಂಬ ಸಾಲಿನ ಎದುರು ಕಾಣುವುದೇ ರೂಟರ್‌ನ ವಿಳಾಸ. ಅದು 192.168.1.1 ಎಂದಿಟ್ಟುಕೊಳ್ಳಿ. ಈಗ ಎರಡು ಕಿಟಕಿಗಳನ್ನು ಪಕ್ಕಪಕ್ಕ ತೆರೆದು, ಒಂದೊಂದರಲ್ಲಿ ಒಂದೊಂದು ಸಾಲು ಹಾಕಿ. ಮೊದಲನೆಯದು ನಿಮ್ಮ ರೂಟರ್‌ಗೆ, ಎರಡನೆಯದು ಹೊರಗಿನ ಇಂಟರ್ನೆಟ್‌ನಲ್ಲಿರುವ ಒಂದು ಸರ್ವರ್‌ಗೆ:

```
ping -n 900 192.168.1.1
ping -n 900 1.1.1.1
```

ಮ್ಯಾಕ್ ಅಥವಾ ಲಿನಕ್ಸ್ ಆಗಿದ್ದರೆ `-n` ಬದಲಿಗೆ `-c` ಬಳಸಿ. ಇದು ಸೆಕೆಂಡಿಗೆ ಒಂದರಂತೆ 900 ಪುಟ್ಟ ಸಂದೇಶಗಳನ್ನು ಕಳುಹಿಸಿ ಉತ್ತರಕ್ಕೆ ಕಾಯುತ್ತದೆ. ಸುಮಾರು ಕಾಲು ಗಂಟೆ ಬೇಕು. ಇದು ನಡೆಯುವಾಗ ಸುಮ್ಮನಿರಬೇಡಿ. ಸ್ನೇಹಿತರೊಬ್ಬರಿಗೆ ವಿಡಿಯೊ ಕರೆ ಮಾಡಿ, ಕ್ಯಾಮೆರಾ ಚಾಲೂ ಇಟ್ಟು ಪರದೆಯನ್ನೂ ಹಂಚಿಕೊಳ್ಳಿ. ನಾಳೆಯ ಭಾರ ಇಂದೇ ಲೈನ್ ಮೇಲೆ ಬೀಳಲಿ.

ಒಂದು ಉದಾಹರಣೆ ನೋಡೋಣ. ಅಪ್‌ಲೋಡ್ 18 ಎಂಬಿಪಿಎಸ್, ಯಾರಿಗಾದರೂ ಸಾಕು ಅನಿಸುವಂಥದ್ದು. ಆದರೆ ಕಾಲು ಗಂಟೆಯ ನಂತರ 1.1.1.1 ಕಿಟಕಿಯಲ್ಲಿ 900ರಲ್ಲಿ 27 ಉತ್ತರಗಳು ಬಂದೇ ಇಲ್ಲ, ಶೇ 3ರಷ್ಟು ನಷ್ಟ. ಲೈನ್ ಸರಿಯಿಲ್ಲ ಎಂದು ಇಂಟರ್ನೆಟ್ ಕಂಪನಿಗೆ ಫೋನ್ ಮಾಡುವ ಮೊದಲು ಪಕ್ಕದ ಕಿಟಕಿ ನೋಡಿ. ರೂಟರ್‌ಗೆ ಕಳುಹಿಸಿದವುಗಳಲ್ಲೂ 26ಕ್ಕೆ ಉತ್ತರ ಬಂದಿಲ್ಲ. ಹೊರಗೆ ಕಾಣೆಯಾದವೆಲ್ಲ ಹೆಚ್ಚುಕಡಿಮೆ ಮನೆಯೊಳಗೇ ಕಾಣೆಯಾಗಿವೆ ಎಂದಾಯಿತು. ತಪ್ಪು ವೈಫೈಯದ್ದು. ನೆಟ್‌ವರ್ಕ್ ಕೇಬಲ್ ಹಾಕಿ ಮತ್ತೆ ನಡೆಸಿದರೆ ರೂಟರ್ ಕಡೆ ಸೊನ್ನೆ, ಹೊರಗೆ ಒಂದು. ಈ ಸಂಪರ್ಕದಲ್ಲಿ ಪರೀಕ್ಷೆ ಬರೆಯಬಹುದು. ಇದೇ ರೂಟರ್ ಕಡೆ ಮೊದಲೇ ಸೊನ್ನೆ ಇದ್ದು ಹೊರಗಿನದರಲ್ಲಿ ಮಾತ್ರ 27 ಹೋಗಿದ್ದರೆ ಕೇಬಲ್ ಹಾಕಿ ಏನೂ ಪ್ರಯೋಜನವಿರಲಿಲ್ಲ. ಆಗ ಕಂಪನಿಗೆ ದೂರು ಕೊಡಿ, ಆದರೆ ಒಂದು ದಿನದಲ್ಲಿ ಸರಿಯಾದೀತೆಂದು ಕಾಯದೆ ಬದಲಿ ಸಂಪರ್ಕವನ್ನೇ ಮುಖ್ಯವಾಗಿಸಿಕೊಳ್ಳಲು ಸಿದ್ಧರಾಗಿ. ಚೆಲ್ಲಾಪಿಲ್ಲಿಯಾಗಿ ಒಂದೆರಡು ಉತ್ತರ ತಪ್ಪಿದರೆ ಚಿಂತೆಯಿಲ್ಲ. ಐದಾರು ಸಾಲಾಗಿ ತಪ್ಪಿದ್ದರೆ ಮಾತ್ರ ಅದು ನಿಜವಾದ ಕಡಿತ.

ಲ್ಯಾಪ್‌ಟಾಪ್‌ಗೆ ಕೇಬಲ್ ಕಿಂಡಿ ಇಲ್ಲದಿದ್ದರೆ ಯುಎಸ್‌ಬಿಗೆ ಸಿಕ್ಕಿಸುವ ಈಥರ್ನೆಟ್ ಅಡಾಪ್ಟರ್ ಸಿಗುತ್ತದೆ. ಅದೂ ಆಗದಿದ್ದರೆ ರೂಟರ್ ಇರುವ ಕೋಣೆಯಲ್ಲೇ ಕುಳಿತು 5 ಗಿಗಾಹರ್ಟ್ಸ್ ವೈಫೈ ಬಳಸಿ. 2.4 ಗಿಗಾಹರ್ಟ್ಸ್‌ನಲ್ಲಿ ನೆರೆಮನೆಗಳ ವೈಫೈ, ಬ್ಲೂಟೂತ್, ಮೈಕ್ರೊವೇವ್ ಒಲೆ ಎಲ್ಲವೂ ಅದೇ ದಾರಿಯಲ್ಲಿ ನುಗ್ಗುತ್ತವೆ. 5ರದ್ದು ಗೋಡೆ ದಾಟುವಾಗ ಬೇಗ ಸೊರಗುತ್ತದೆ, ಅದಕ್ಕೇ ಒಂದೇ ಕೋಣೆ.

ನಷ್ಟವಿಲ್ಲ, ಆದರೂ ತಡ

ಇನ್ನೊಂದು ತೊಂದರೆಯಲ್ಲಿ ಉತ್ತರಗಳೇನೋ ಬರುತ್ತವೆ, ಆದರೆ 20 ಮಿಲಿಸೆಕೆಂಡ್‌ನಲ್ಲಿ ಬರುತ್ತಿದ್ದವು ಇದ್ದಕ್ಕಿದ್ದಂತೆ 400, 500 ತೆಗೆದುಕೊಳ್ಳತೊಡಗುತ್ತವೆ. ಮನೆಯ ಇನ್ಯಾವುದೋ ಸಾಧನ ಅಪ್‌ಲೋಡ್ ದಾರಿಯನ್ನು ತುಂಬಿಸಿದಾಗ ಹೀಗಾಗುತ್ತದೆ. ಸಂದೇಶಗಳು ರೂಟರ್‌ನಲ್ಲಿ ಸರದಿ ನಿಲ್ಲುತ್ತವೆ, ನಿಮ್ಮ ವಿಡಿಯೊ ಆ ಸಾಲಿನ ಬಾಲದಲ್ಲಿರುತ್ತದೆ. ಸಾಮಾನ್ಯ ಅಪರಾಧಿ ಎಂದರೆ ಫೋಟೊಗಳನ್ನು ತಾನಾಗಿಯೇ ಕ್ಲೌಡ್‌ಗೆ ಏರಿಸುವ ಫೋನ್, ಇಲ್ಲವೇ ಮನೆಬಾಗಿಲಿನ ಸಿಸಿಟಿವಿ. ಮನೆಯವರಿಗೆ ‘ಸಿನಿಮಾ ನೋಡಬೇಡಿ’ ಎಂದರೆ ಸಾಲದು. ಆ ಮೂರು ತಾಸು ಅವರ ಫೋನ್‌ಗಳ ವೈಫೈಯನ್ನೇ ಆರಿಸಿಡಲು ಕೇಳಿಕೊಳ್ಳಿ.

ನಿಮ್ಮದೇ ಲ್ಯಾಪ್‌ಟಾಪ್ ಕೂಡ ಹೀಗೆ ಮಾಡಬಹುದು. ವಿಂಡೋಸ್ ಅಪ್‌ಡೇಟ್ ಇದ್ದರೆ ಇಂದೇ ಮುಗಿಸಿ, ರೀಸ್ಟಾರ್ಟ್ ಮಾಡಿ, ಬಳಿಕ ಒಂದು ವಾರಕ್ಕೆ ತಡೆಹಿಡಿದಿಡಿ. ವಿಪಿಎನ್ ಇದ್ದರೆ ಆಫ್ ಮಾಡಿ. ಕಂಪ್ಯೂಟರ್ ಗಡಿಯಾರ ತಾನಾಗಿ ಹೊಂದಿಕೊಳ್ಳುವಂತೆ ಇದೆಯೇ ನೋಡಿ, ದಿನಾಂಕ ತಪ್ಪಿದ್ದರೆ ಸುರಕ್ಷಿತ ಪುಟಗಳು ತೆರೆಯುವುದೇ ಇಲ್ಲ. ಕಚೇರಿಯ ಲ್ಯಾಪ್‌ಟಾಪ್ ಅಥವಾ ಕಚೇರಿಯ ನೆಟ್‌ವರ್ಕ್ ಬಳಸಲೇಬೇಡಿ ಎನ್ನುವುದು ನಮ್ಮ ಸಲಹೆ. ಅಲ್ಲಿನ ಫೈರ್‌ವಾಲ್ ವೆಬ್‌ಪುಟಗಳನ್ನು ಬಿಟ್ಟು ನೇರ ವಿಡಿಯೊವನ್ನು ಮಾತ್ರ ತಡೆಯಬಹುದು. ಎಲ್ಲ ಸರಿ ಕಂಡರೂ ಕ್ಯಾಮೆರಾ ಹಂತದಲ್ಲಿ ಪರೀಕ್ಷೆ ಸಿಕ್ಕಿಬೀಳುತ್ತದೆ.

ಬದಲಿ ಸಂಪರ್ಕ: ಮೊದಲು ನಿಯಮ ಓದಿ

ಬದಲಿ ಎಂದ ಕೂಡಲೇ ಮೊಬೈಲ್ ಹಾಟ್‌ಸ್ಪಾಟ್ ನೆನಪಾಗುತ್ತದೆ. ಆದರೆ ಕೋಣೆಯಲ್ಲಿ ಫೋನ್ ಕಂಡರೇ ಪರೀಕ್ಷೆ ರದ್ದು ಮಾಡುವ ಸಂಸ್ಥೆಗಳಿವೆ, ಹಾಟ್‌ಸ್ಪಾಟ್ ಬಳಸಬಾರದು ಎನ್ನುವವೂ ಇವೆ. ಹಾಗಾಗಿ ಎರಡು ವಿಷಯವನ್ನು ಇಮೇಲ್‌ನಲ್ಲೇ ಕೇಳಿ ಉತ್ತರ ಪಡೆದಿಡಿ: ಸಂಪರ್ಕ ಹೋದರೆ ಹಾಟ್‌ಸ್ಪಾಟ್‌ಗೆ ಬದಲಾಗಬಹುದೇ? ಮರಳಿ ಸೇರಲು ಎಷ್ಟು ನಿಮಿಷ ಕೊಡುತ್ತೀರಿ, ಆ ಹೊತ್ತು ನನ್ನ ಸಮಯದಲ್ಲಿ ಕಳೆದುಹೋಗುತ್ತದೆಯೇ?

ಅನುಮತಿ ಇದ್ದರೆ ಫೋನ್ ಅನ್ನು ಪಕ್ಕದ ಕೋಣೆಯಲ್ಲಿ, ಚಾರ್ಜಿಗೆ ಹಾಕಿ, ಹಾಟ್‌ಸ್ಪಾಟ್ ಚಾಲೂ ಮಾಡಿಡಿ. ಯಾರೂ ಸೇರದಿದ್ದರೆ ಕೆಲವು ನಿಮಿಷಗಳಲ್ಲಿ ಹಾಟ್‌ಸ್ಪಾಟ್ ತಾನೇ ಆರಿಹೋಗುವ ಆಯ್ಕೆ ಅನೇಕ ಫೋನ್‌ಗಳಲ್ಲಿ ಇರುತ್ತದೆ, ಅದನ್ನು ತೆಗೆದುಹಾಕಿ. ಫೋನ್ ಮೇಜಿನ ಮೇಲೆ ಇರಬಹುದು ಎಂದಾದರೆ ಯುಎಸ್‌ಬಿ ಕೇಬಲ್‌ನಿಂದ ಟೆದರಿಂಗ್ ಮಾಡುವುದು ಇನ್ನೂ ಒಳ್ಳೆಯದು. ಮನೆಯ ಇಂಟರ್ನೆಟ್ ಮತ್ತು ಸಿಮ್ ಒಂದೇ ಕಂಪನಿಯವು ಆಗದಿರಲಿ, ಒಂದು ಬಿದ್ದಾಗ ಇನ್ನೊಂದೂ ಜತೆಗೇ ಬೀಳುವ ಸಾಧ್ಯತೆ ಇರುತ್ತದೆ.

ಡೇಟಾ ಎಷ್ಟು ಬೇಕು? 1 ಎಂಬಿಪಿಎಸ್‌ನಂತೆ ಮೂರು ತಾಸು ಎಂದರೆ 10,800 ಸೆಕೆಂಡ್, 8 ಬಿಟ್ ಸೇರಿ ಒಂದು ಬೈಟ್ ಆಗುವುದರಿಂದ ಅದನ್ನು 8ರಿಂದ ಭಾಗಿಸಿದರೆ 1,350 ಎಂಬಿ. ಪರದೆಯ ಚಿತ್ರವೂ ಸೇರಿ 2 ಎಂಬಿಪಿಎಸ್ ಆದರೆ 2.7 ಜಿಬಿ. ದಿನದ ಮಿತಿ ಇರುವ ಪ್ಲ್ಯಾನ್ ಆದರೆ ಅಷ್ಟು ಉಳಿದಿರುವಂತೆ ನೋಡಿಕೊಳ್ಳಿ.

ಎರಡು ಸಿಮ್ ಇರುವ ಫೋನ್‌ನಲ್ಲಿ ಇನ್ನೊಂದು ಸಿಮ್‌ಗೆ ಕರೆ ಬಂದು ಮಾತು ಶುರುವಾದರೆ ಮೊದಲ ಸಿಮ್‌ನ ಡೇಟಾ ನಿಂತುಹೋಗಬಹುದು. ಎರಡನೇ ಸಿಮ್ ಅನ್ನು ಆಫ್ ಮಾಡಿ, ಮೊದಲನೆಯದಕ್ಕೆ ಬರುವ ಕರೆಗಳನ್ನು ಮನೆಯ ಬೇರೆ ಫೋನ್‌ಗೆ ತಿರುಗಿಸಿಡಿ.

ವಿದ್ಯುತ್ ಹೋದರೆ? ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇದೆ, ರೂಟರ್‌ಗೆ ಇಲ್ಲ. ಫೈಬರ್ ಸಂಪರ್ಕದಲ್ಲಿ ರೂಟರ್ ಜತೆ ಇನ್ನೊಂದು ಚಿಕ್ಕ ಪೆಟ್ಟಿಗೆ ಇದ್ದರೆ ಎರಡಕ್ಕೂ ಯುಪಿಎಸ್ ಬೇಕು. ರೂಟರ್‌ಗೆಂದೇ ಬರುವ ಪುಟ್ಟ ಯುಪಿಎಸ್ ಕೊಳ್ಳುವಾಗ ಅದರ ವೋಲ್ಟ್ ಅಂಕಿ ಅಡಾಪ್ಟರ್ ಮೇಲೆ ಇರುವಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚು ಇರಲಿ. ಇಂದೇ ಆ ಪ್ಲಗ್‌ನ ಸ್ವಿಚ್ ಆರಿಸಿ ಎಷ್ಟು ಹೊತ್ತು ತಾಳುತ್ತದೆ ನೋಡಿ. ಆದರೆ ಬಡಾವಣೆಗೇ ವಿದ್ಯುತ್ ಹೋದಾಗ, ಕಟ್ಟಡದ ಕೆಳಗೆ ಕಂಪನಿ ಇಟ್ಟಿರುವ ಸ್ವಿಚ್ ಪೆಟ್ಟಿಗೆಯೂ ಆರುವ ಲೈನ್ ಆಗಿದ್ದರೆ ನಿಮ್ಮ ಯುಪಿಎಸ್ ಉಪಯೋಗಕ್ಕೆ ಬಾರದು. ಹಿಂದೆ ವಿದ್ಯುತ್ ಹೋದಾಗ ಇಂಟರ್ನೆಟ್ ಉಳಿದಿತ್ತೇ ಎಂದು ನೆನಪಿಸಿಕೊಳ್ಳಿ.

ಒಮ್ಮೆ ನಿಜವಾಗಿ ಕಿತ್ತುನೋಡಿ

ಇದನ್ನು ಬಿಡುವವರೇ ಹೆಚ್ಚು, ಆದರೆ ಇಂದಿನ ಕೆಲಸಗಳಲ್ಲಿ ಇದೇ ಅತ್ಯಂತ ಅಗತ್ಯದ್ದು. ವಿಡಿಯೊ ಕರೆ ನಡೆಯುತ್ತಿರುವಾಗ, ರೂಟರ್‌ನ ಹಿಂದೆ ಹೊರಗಿನಿಂದ ಬರುವ ತಂತಿಯನ್ನು ಮನೆಯವರಿಂದ ಬಿಚ್ಚಿಸಿ. ಫೈಬರ್ ಆದರೆ ಆ ತಂತಿಯನ್ನು ಮುಟ್ಟಬೇಡಿ, ಅದರ ತುದಿಗೆ ಧೂಳು ಕೂತರೂ ತೊಂದರೆ. ಅದು ಪ್ರತ್ಯೇಕ ಪೆಟ್ಟಿಗೆಗೆ ಬರುತ್ತಿದ್ದರೆ ಆ ಪೆಟ್ಟಿಗೆಯ ವಿದ್ಯುತ್ತನ್ನಷ್ಟೇ ಆರಿಸಿ, ಎಲ್ಲವೂ ಒಂದೇ ಪೆಟ್ಟಿಗೆಯಾದರೆ ಅದನ್ನೇ ಆರಿಸಿ. ಹೊರಗಿನ ಲೈನ್ ಸತ್ತು ರೂಟರ್ ಮಾತ್ರ ಉರಿಯುತ್ತಿದ್ದಾಗ ಲ್ಯಾಪ್‌ಟಾಪ್ ಎಷ್ಟೋ ವೇಳೆ ಹಾಟ್‌ಸ್ಪಾಟ್‌ಗೆ ತಾನಾಗಿ ಹೋಗುವುದಿಲ್ಲ. ನೆಟ್‌ವರ್ಕ್ ಕೇಬಲ್ ಇನ್ನೂ ಸಿಕ್ಕಿಸಿದಂತೆಯೇ ಇರುವುದರಿಂದ ಅದು ಆ ದಾರಿಯನ್ನೇ ನಂಬಿ ಕೂರುತ್ತದೆ. ಆದ್ದರಿಂದ ಮೊದಲು ಲ್ಯಾಪ್‌ಟಾಪ್ ಬದಿಯ ಕೇಬಲ್ ಕಿತ್ತು, ನಂತರ ವೈಫೈ ಚಾಲೂ ಮಾಡಿ ಹಾಟ್‌ಸ್ಪಾಟ್ ಆಯ್ದುಕೊಳ್ಳಬೇಕು. ಅದರ ಪಾಸ್‌ವರ್ಡ್ ಇಂದೇ ಉಳಿಸಿಟ್ಟಿರಬೇಕು. ಎದ್ದು ಹೋಗುವಂತಿಲ್ಲ, ಏಕೆಂದರೆ ಎಷ್ಟೋ ಕಡೆ ಕ್ಯಾಮೆರಾ ಮುಂದಿನಿಂದ ಏಳುವುದೇ ನಿಯಮಭಂಗ. ಎಲ್ಲವೂ ಕುರ್ಚಿಯಿಂದಲೇ ಆಗಬೇಕು. ಪರೀಕ್ಷೆಯ ಬ್ರೌಸರ್ ಇಡೀ ಪರದೆಯನ್ನು ಬಿಗಿದು ವೈಫೈ ಪಟ್ಟಿಯನ್ನು ಮುಚ್ಚಿಡುವ ಬಗೆಯದಾದರೆ ವೈಫೈಯನ್ನು ಮೊದಲೇ ಚಾಲೂ ಇಟ್ಟು, ಹಾಟ್‌ಸ್ಪಾಟ್‌ಗೆ ಮಾತ್ರ ತಾನಾಗಿ ಸೇರುವಂತೆ ಮಾಡಿ, ಮನೆಯ ವೈಫೈಯನ್ನು ಪಟ್ಟಿಯಿಂದ ಅಳಿಸಿಬಿಡಿ. ಆಗ ಕೇಬಲ್ ಕಿತ್ತರೆ ಸಾಕು.

ಗಡಿಯಾರ ಹಿಡಿದು ಎಣಿಸಿ. ಒಂದು ನಿಮಿಷದೊಳಗೆ ಕರೆಗೆ ಮರಳಿದರೆ ಸರಿ, ಇಲ್ಲದಿದ್ದರೆ ಇನ್ನೆರಡು ಸಲ ಮಾಡಿ. ದಾರಿ ಬದಲಾದಾಗ ನಿಮ್ಮ ಇಂಟರ್ನೆಟ್ ವಿಳಾಸವೂ ಬದಲಾಗುವುದರಿಂದ ಪರೀಕ್ಷೆಯ ಪುಟ ಮತ್ತೆ ಲಾಗಿನ್ ಕೇಳಬಹುದು, ಮೇಲ್ವಿಚಾರಕರು ಗುರುತಿನ ಚೀಟಿಯನ್ನು ಮತ್ತೊಮ್ಮೆ ತೋರಿಸಲು ಹೇಳಬಹುದು. ಚೀಟಿ ಕೈಗೆ ಸಿಗುವಲ್ಲೇ ಇರಲಿ. ಸಹಾಯವಾಣಿ ಸಂಖ್ಯೆ ಮತ್ತು ನಿಮ್ಮ ನೋಂದಣಿ ಸಂಖ್ಯೆಯನ್ನು ಕೋಣೆಯ ಹೊರಗಿರುವವರ ಬಳಿ ಬರೆದುಕೊಟ್ಟಿರಿ. ಎರಡೂ ಸಂಪರ್ಕ ಹೋದರೆ, ಎಷ್ಟು ಗಂಟೆಗೆ ಹೋಯಿತು ಎಂಬುದನ್ನು ಪರದೆಯ ಗಡಿಯಾರದಲ್ಲಿ ನೋಡಿಟ್ಟುಕೊಳ್ಳಿ. ಮರುಪರೀಕ್ಷೆಗೆ ಅರ್ಜಿ ಹಾಕುವಾಗ ಮೊದಲು ಕೇಳುವುದು ಆ ಸಮಯವನ್ನೇ.