ಗಟಾರದ ನೀರು, ಖಾನಾವಳಿಯ ಬಾಗಿಲು

ಹುಬ್ಬಳ್ಳಿಯ ಖಾನಾವಳಿಯೊಂದರ ಲೈಸೆನ್ಸ್ ಕಾಯಂ ರದ್ದಾಗಿತ್ತು. ಅಡುಗೆಮನೆಯ ಜಿಡ್ಡು ನೀರು ಗಟಾರ ಕಟ್ಟಿಕೊಳ್ಳುವಂತೆ ಮಾಡಿ ರಸ್ತೆಗೆ ಬರುತ್ತದೆ ಎಂಬುದು ಕಾರಣ. ಮಾಲೀಕರು ಫೈಲ್ ತಂದು ಮೇಜಿನ ಮೇಲಿಟ್ಟರು.

"ವಕೀಲ್ ಸಾಹೇಬ್ರ, ನೀರು ರಸ್ತೆಗೆ ಬಂದಿದ್ದು ಖರೇನ ಐತ್ರಿ. ಆದ್ರ ಅಷ್ಟಕ್ಕ ಜೀವನಪೂರ್ತಿ ಬಾಗ್ಲಾ ಹಾಕಬೇಕೇನ್ರಿ?"

ಇಡೀ ಕೇಸ್ ಆ ಪ್ರಶ್ನೆಯಲ್ಲೇ ಇತ್ತು. ನನಗದು ತಡವಾಗಿ ಹೊಳೆಯಿತು. ಲೈಸೆನ್ಸ್ ಕೊಡುವ ಕಚೇರಿಯವರು ನೋಟಿಸ್ ಕೊಟ್ಟಿದ್ದರು, ಇವರ ಉತ್ತರವನ್ನೂ ಪಡೆದಿದ್ದರು. ರದ್ದು ಮಾಡುವ ಅಧಿಕಾರವೂ ಆ ಕಚೇರಿಗಿತ್ತು. ಉಳಿದಿದ್ದು ಒಂದೇ ದಾರಿ ಎಂದುಕೊಂಡು ರಿಟ್ ಅರ್ಜಿಯಲ್ಲಿ "ಆದೇಶ ಅವಿವೇಕದ್ದು" ಎಂದು ಬರೆದೆ. ಸೀನಿಯರ್ ಓದಿ ನಕ್ಕರು. "ಹೊಲಸು ನೀರು ರಸ್ತೆಗೆ ಬಂದಾಗ ಹೋಟೆಲ್ ಮುಚ್ಚಿಸೋದು ಹುಚ್ಚರ ಕೆಲಸ ಏನ್ರಿ?"

ಅಲ್ಲ. ಅದೇ ತೊಡಕು. ಅವಿವೇಕದ ಪರೀಕ್ಷೆ ಇಂಗ್ಲೆಂಡಿನ 1947ರ ವೆಡ್ನ್ಸ್‌ಬರಿ ತೀರ್ಪಿನಿಂದ ಬಂದದ್ದು. ಭಾನುವಾರದ ಸಿನಿಮಾಕ್ಕೆ 15 ವರ್ಷದೊಳಗಿನ ಮಕ್ಕಳನ್ನು ಬಿಡಬಾರದು ಎಂಬ ಷರತ್ತಿನ ಜಗಳ ಅದು. ತಲೆ ಸರಿಯಿರುವ ಯಾವ ಅಧಿಕಾರಿಯೂ ಮಾಡಲಾರದಷ್ಟು ಕೆಟ್ಟ ಆದೇಶವಾದರೆ ಮಾತ್ರ ಕೋರ್ಟ್ ಕೈ ಹಾಕುತ್ತದೆ. ಕಟ್ಟುನಿಟ್ಟಿನ ಆದೇಶ ಇದರಲ್ಲಿ ಸುಲಭವಾಗಿ ಪಾಸಾಗುತ್ತದೆ. ಸಿನಿಮಾದವರೂ ಸೋತಿದ್ದರು.

ಹಾಗಾಗಿ ಅರ್ಜಿಯನ್ನು ಪ್ರಪೋರ್ಷನಾಲಿಟಿ, ಅಂದರೆ ಉದ್ದೇಶಕ್ಕೆ ಬೇಕಾದಷ್ಟೇ ಕ್ರಮ ಇರಬೇಕು ಎಂಬ ಅನುಪಾತದ ತತ್ವದ ಮೇಲೆ ಮತ್ತೆ ಕಟ್ಟಿದೆ. ವ್ಯಾಪಾರದ ಹಕ್ಕು ಸಂವಿಧಾನದ 19(1)(ಜಿ) ವಿಧಿಯಲ್ಲಿದೆ. ಆ ಹಕ್ಕಿಗೆ ಪೆಟ್ಟು ಬಿದ್ದಿದೆ ಎಂದು ನಾನು ತೋರಿಸಿದರೆ ಸಾಕು, ಅದು ಸರಿಯೆಂದು ಸಾಬೀತು ಮಾಡುವ ಹೊರೆ ಸರ್ಕಾರದ್ದು. ಇದರ ನಾಲ್ಕು ಮೆಟ್ಟಿಲುಗಳನ್ನು ಸುಪ್ರೀಂ ಕೋರ್ಟ್ 2016ರ ಮಾಡರ್ನ್ ಡೆಂಟಲ್ ಕಾಲೇಜ್ ತೀರ್ಪಿನಲ್ಲಿ ಸ್ಪಷ್ಟವಾಗಿ ಹೇಳಿದೆ.

ಮೊದಲ ಎರಡನ್ನು ನಾನೇ ಒಪ್ಪಿಕೊಂಡೆ. ಉದ್ದೇಶ ಸರಿಯಾದದ್ದೇ? ಹೌದು, ಜನರ ಆರೋಗ್ಯ. ಕ್ರಮಕ್ಕೂ ಉದ್ದೇಶಕ್ಕೂ ಸಂಬಂಧ ಇದೆಯೇ? ಇದೆ, ಅಡುಗೆ ನಿಂತರೆ ಜಿಡ್ಡೂ ನಿಲ್ಲುತ್ತದೆ. ಇಲ್ಲಿ ಸುಮ್ನೆ ವಾದಿಸಿದರೆ ಮುಂದಿನ ಮಾತಿಗೆ ಬೆಲೆ ಇರುವುದಿಲ್ಲ.

ಜಗಳ ಇರುವುದು ಮೂರನೆಯದರಲ್ಲಿ. ಹಕ್ಕಿಗೆ ಕಡಿಮೆ ಪೆಟ್ಟು ಕೊಟ್ಟು ಅದೇ ಉದ್ದೇಶ ಸಾಧಿಸುವ ಬೇರೆ ದಾರಿ ಇತ್ತೇ? ಇಲ್ಲಿ ಹೊಸಬರು ಎಡವುತ್ತಾರೆ, ನಾನೂ ಎಡವಿದೆ. ಮೊದಲು "ಎಚ್ಚರಿಕೆ ಕೊಟ್ಟು ಬಿಡಬಹುದಿತ್ತು" ಎಂದು ಬರೆದಿದ್ದೆ. ಎಚ್ಚರಿಕೆಯಿಂದ ಗಟಾರ ತೆರೆಯುತ್ತದೆಯೇ? ಪರ್ಯಾಯ ಮೆತ್ತಗಿದ್ದರೆ ಸಾಲದು, ಹೆಚ್ಚುಕಡಿಮೆ ಅಷ್ಟೇ ಕೆಲಸ ಮಾಡಬೇಕು. ಆಮೇಲೆ ಪ್ಲಂಬರ್‌ನ ಕರೆದುಕೊಂಡು ಹಿತ್ತಲಿಗೆ ಹೋದೆ. ಪಾತ್ರೆ ತೊಳೆಯುವ ಕಟ್ಟೆಯ ನೀರು ನೇರ ಪೈಪಿಗೆ ಬೀಳುತ್ತಿತ್ತು, ನಡುವೆ ಜಿಡ್ಡು ತಡೆಯುವ ಚೇಂಬರ್ ಇರಲಿಲ್ಲ. ಚೇಂಬರ್ ಕಟ್ಟಿಸುವ ಎಸ್ಟಿಮೇಟ್ ಬರೆಸಿ ಅರ್ಜಿಗೆ ಲಗತ್ತಿಸಿದೆ. ಅದು ಮುಗಿಯುವ ತನಕ ಬಾಗಿಲು ಮುಚ್ಚಿರುತ್ತೇವೆ ಎಂದೂ ಬರೆದೆ.

ಇನ್ನೊಂದು ಕೆಲಸ, ಮಾಹಿತಿ ಹಕ್ಕಿನಲ್ಲಿ ಕಚೇರಿಯ ನೋಟ್ ಶೀಟ್ ತರಿಸಿದ್ದು. ಅದರಲ್ಲಿ ಇದ್ದದ್ದು "ದೂರು ನಿಜ, ರದ್ದುಪಡಿಸಬಹುದು" ಎಂಬ ಒಂದೇ ಸಾಲು. ತಾತ್ಕಾಲಿಕವಾಗಿ ಮುಚ್ಚಿಸುವ ಯೋಚನೆಯ ಸುಳಿವೂ ಇಲ್ಲ. ನಾಲ್ಕನೆಯ ಮೆಟ್ಟಿಲು ತೂಗಿ ನೋಡುವುದು: ಜನರಿಗೆ ಆಗುವ ಲಾಭ ಎಷ್ಟು, ಈ ಮನುಷ್ಯನಿಗೆ ಆಗುವ ನಷ್ಟ ಎಷ್ಟು. ರೊಟ್ಟಿ ಬಡಿಯುವ ಆರು ಹೆಣ್ಣುಮಕ್ಕಳ ಕೂಲಿಯ ಮಾತು ಇಲ್ಲಿ ಬಂತು. ಆದರೆ ಧಾರವಾಡ ಪೀಠದಲ್ಲಿ ವಾದ ಅಷ್ಟು ದೂರ ಹೋಗಲೇ ಇಲ್ಲ. ನ್ಯಾಯಮೂರ್ತಿಗಳು ನೋಟ್ ಶೀಟ್ ಹಿಡಿದು "ಬೇರೆ ದಾರಿ ನೋಡಿದ್ದೀರಾ?" ಎಂದು ಎದುರು ವಕೀಲರನ್ನು ಕೇಳಿದರು. ಉತ್ತರ ಇರಲಿಲ್ಲ.

ಆದೇಶ ರದ್ದಾಯಿತು. ಆದರೆ ಕೋರ್ಟ್ ತಾನೇ ಲೈಸೆನ್ಸ್ ಕೊಡಲಿಲ್ಲ, ಹೊಸದಾಗಿ ನಿರ್ಧರಿಸಿ ಎಂದು ಕಚೇರಿಗೇ ಕಳಿಸಿತು. ಚೇಂಬರ್ ನೋಡಿದ ಮೇಲೆ ಲೈಸೆನ್ಸ್ ಬಂತು.

ಗೆದ್ದ ಹುಮ್ಮಸ್ಸಿನಲ್ಲಿ ಮುಂದೆ ಒಬ್ಬ ನೌಕರನ ವಜಾ ಆದೇಶಕ್ಕೂ ಇದೇ ನಾಲ್ಕು ಮೆಟ್ಟಿಲು ಹಾಕಿದೆ. ಅಲ್ಲಿ ನಡೆಯಲಿಲ್ಲ. 2000ದ ಓಂ ಕುಮಾರ್ ತೀರ್ಪಿನ ಪ್ರಕಾರ, ಇಲಾಖಾ ಶಿಕ್ಷೆ ಅತಿಯಾಯಿತು ಎಂದು ಸಮಾನತೆಯ 14ನೇ ವಿಧಿಯಡಿ ಪ್ರಶ್ನಿಸಿದರೆ ಹಳೆಯ ವೆಡ್ನ್ಸ್‌ಬರಿಯೇ ಗತಿ. ಶಿಕ್ಷೆ ಕೋರ್ಟಿನ ಮನಸ್ಸಾಕ್ಷಿಗೇ ಆಘಾತವಾಗುವಷ್ಟು ಜಾಸ್ತಿ ಇರಬೇಕು. ಆತ ಹಿಂದೆ ಎರಡು ಸಲ ಸಿಕ್ಕಿಬಿದ್ದಿದ್ದ. ಹತ್ತು ನಿಮಿಷದಲ್ಲಿ ಅರ್ಜಿ ವಜಾ.