ಹೊಸ ಯಂತ್ರಕ್ಕೆ ಈಗಿನಿಂದಲೇ ಹಣ: ವರ್ಷಕ್ಕೆ ಎಷ್ಟು ಕಟ್ಟಬೇಕು?

ಎಂಟು ಲಕ್ಷ ರೂಪಾಯಿ ಕೊಟ್ಟು ಒಂದು ಲೇತ್ ಯಂತ್ರ ತಂದಿದ್ದೀರಿ ಅಂದುಕೊಳ್ಳಿ. ಅದು ಆರು ವರ್ಷ ಚೆನ್ನಾಗಿ ದುಡಿಯುತ್ತದೆ, ಆಮೇಲೆ ಬದಲಿಸಲೇಬೇಕು. ಆ ದಿನ ಕೈಯಲ್ಲಿ ಹಣ ಇರಬೇಕಾದರೆ ಈಗಿನಿಂದಲೇ ಕಂತು ಕಂತಾಗಿ ಬೇರೆ ಕಡೆ ಎತ್ತಿಡಬೇಕು. ಹೀಗೆ ಒಂದೇ ಉದ್ದೇಶಕ್ಕೆ ಕಟ್ಟುವ ನಿಧಿಗೆ ಸಿಂಕಿಂಗ್ ಫಂಡ್ ಅನ್ನುತ್ತಾರೆ.

‘ಪುಸ್ತಕದಲ್ಲಿ ಪ್ರತಿವರ್ಷ ಸವಕಳಿ ಬರೆಯುತ್ತೇವಲ್ಲ, ಅದು ಸಾಲದಾ?’ ಎಂದು ಕೇಳುವವರಿದ್ದಾರೆ. ಸಾಲದು. ಸವಕಳಿ ಬರೆದರೆ ಲಾಭದ ಅಂಕಿ ಕಡಿಮೆಯಾಗುತ್ತದೆ, ಅಷ್ಟೇ. ಆ ಹಣ ಎಲ್ಲೂ ಪ್ರತ್ಯೇಕವಾಗಿ ಕೂರುವುದಿಲ್ಲ. ಸರಕು ಕೊಳ್ಳಲು, ಸಂಬಳ ಕೊಡಲು ಹರಿದುಹೋಗಿರುತ್ತದೆ. ಅದೂ ಅಲ್ಲದೆ ಸವಕಳಿಯ ಲೆಕ್ಕ ನಡೆಯುವುದು ಹಳೆ ಖರೀದಿ ಬೆಲೆಯ ಮೇಲೆ. ನೀವು ಕೊಳ್ಳಬೇಕಾಗಿರುವುದು ಆರು ವರ್ಷದ ನಂತರದ ಬೆಲೆಗೆ.

ಹಂತ 1: ಗುರಿಯ ಮೊತ್ತ ಹಿಡಿಯಿರಿ

ಎಡವುವವರು ಹೆಚ್ಚಾಗಿ ಎಡವುವುದು ಇಲ್ಲೇ. ಸೂತ್ರ ಎಷ್ಟೇ ಸರಿಯಾಗಿರಲಿ, ಗುರಿ ತಪ್ಪಾದರೆ ಕಂತೂ ತಪ್ಪು.

ಮೊದಲು ಇವತ್ತಿನ ಪೂರ್ತಿ ಖರ್ಚು ತೆಗೆದುಕೊಳ್ಳಿ. ಯಂತ್ರದ ಬೆಲೆ ಮಾತ್ರ ಅಲ್ಲ. ತೆರಿಗೆ, ಸಾಗಣೆ, ಕೂರಿಸುವ ಖರ್ಚು ಎಲ್ಲ ಸೇರಬೇಕು. ನಮ್ಮ ಎಂಟು ಲಕ್ಷದಲ್ಲಿ ಅವೆಲ್ಲ ಸೇರಿವೆ ಅಂತಿಟ್ಟುಕೊಳ್ಳೋಣ. ಬೆಲೆ ವರ್ಷಕ್ಕೆ 5% ಏರುತ್ತದೆ ಎಂದು ಹಿಡಿದರೆ 8,00,000 ಅನ್ನು 1.05ರಿಂದ ಆರು ಸಲ ಗುಣಿಸಬೇಕು. ಸುಮಾರು 10,72,000 ಆಗುತ್ತದೆ.

ಹಳೆ ಯಂತ್ರ ಮಾರಿದರೆ ಏನಾದರೂ ಬರುತ್ತದೆ, ಅದನ್ನು ಕಳೆಯಿರಿ. ಇಲ್ಲಿ ಮಾತ್ರ ಆಸೆ ಬೇಡ, ಗುಜರಿ ಬೆಲೆಯನ್ನೇ ಹಿಡಿಯಿರಿ. 72,000 ಸಿಗುತ್ತದೆ ಅಂದರೆ ನಮ್ಮ ಗುರಿ 10,00,000.

ಹಂತ 2: ಒಂದು ರೂಪಾಯಿಯಿಂದ ಶುರು ಮಾಡಿ

ಹತ್ತು ಲಕ್ಷವನ್ನು ಸುಮ್ನೆ ಆರರಿಂದ ಭಾಗಿಸಿದರೆ ವರ್ಷಕ್ಕೆ 1,66,667. ಆದರೆ ಕಟ್ಟಿದ ಹಣಕ್ಕೆ ಬಡ್ಡಿ ಬರುತ್ತದಲ್ವಾ? ಹಾಗಾಗಿ ಅಷ್ಟು ಕಟ್ಟಬೇಕಿಲ್ಲ. ಎಷ್ಟು ಸಾಕು ಎನ್ನುವುದು ಒಂದು ರೂಪಾಯಿ ಹಿಡಿದು ನೋಡಿದರೆ ಗೊತ್ತಾಗುತ್ತದೆ.

ಪ್ರತಿ ವರ್ಷದ ಕೊನೆಗೆ ಒಂದು ರೂಪಾಯಿ ಕಟ್ಟುತ್ತೀರಿ, ಬಡ್ಡಿ 6%. ಮೊದಲ ರೂಪಾಯಿ ಬೀಳುವುದೇ ಒಂದನೇ ವರ್ಷದ ಕೊನೆಗೆ. ಹಾಗಾಗಿ ಅದಕ್ಕೆ ಐದು ವರ್ಷದ ಚಕ್ರಬಡ್ಡಿ ಸಿಕ್ಕಿ 1.3382 ಆಗುತ್ತದೆ. ಎರಡನೆಯದಕ್ಕೆ ನಾಲ್ಕು ವರ್ಷ, 1.2625. ಮುಂದಿನವು 1.1910, 1.1236, 1.06. ಕೊನೆಯ ರೂಪಾಯಿಗೆ ಬಡ್ಡಿಯೇ ಇಲ್ಲ, ಅದು ಒಂದೇ ರೂಪಾಯಿ. ಎಲ್ಲ ಕೂಡಿದರೆ 6.9753.

ವರ್ಷಕ್ಕೊಂದು ರೂಪಾಯಿ ಕಟ್ಟಿದರೆ ಕೊನೆಗೆ 6.9753 ರೂಪಾಯಿ. ಹಾಗಾದರೆ ಹತ್ತು ಲಕ್ಷ ಬೇಕಿದ್ದರೆ? 10,00,000 ಅನ್ನು 6.9753ರಿಂದ ಭಾಗಿಸಿ. ದಶಮಾಂಶ ಬಿಡದೆ ಮಾಡಿದರೆ ಉತ್ತರ 1,43,363. ಇದೇ ವರ್ಷದ ಕಂತು. ಸೂತ್ರ ಹೇಳುವುದೂ ಇದನ್ನೇ:

```
A = F × i / ((1 + i)^n − 1)
```

F ಅಂದರೆ ಗುರಿ, i ಒಂದು ಅವಧಿಯ ಬಡ್ಡಿ ದರ (6% ಅಂದರೆ 0.06), n ಕಂತುಗಳ ಸಂಖ್ಯೆ, A ಕಂತು. ಎಕ್ಸೆಲ್‌ನಲ್ಲಾದರೆ ಒಂದೇ ಸಾಲು:

```
=PMT(6%,6,0,-1000000)
```

ಕಂತನ್ನು ವರ್ಷದ ಆರಂಭದಲ್ಲೇ ಕಟ್ಟುವುದಾದರೆ ಪ್ರತಿ ಕಂತಿಗೂ ಒಂದು ವರ್ಷದ ಬಡ್ಡಿ ಜಾಸ್ತಿ ಸಿಗುತ್ತದೆ. ಆಗ ಉತ್ತರವನ್ನು 1.06ರಿಂದ ಭಾಗಿಸಿ: 1,35,248.

ಹಂತ 3: ತಾಳೆ ನೋಡಿ

ಸೂತ್ರವನ್ನು ನಂಬಿ ಕೂರಬೇಡಿ, ವರ್ಷವರ್ಷದ ಪಟ್ಟಿ ಹಾಕಿ. ಹಿಂದಿನ ಮೊತ್ತಕ್ಕೆ 6% ಸೇರಿಸಿ, ಮೇಲೆ ಹೊಸ ಕಂತು ಕೂಡಿ.

| ವರ್ಷದ ಕೊನೆ | ನಿಧಿಯಲ್ಲಿರುವುದು (ರೂ.) |
|---|---|
| 1 | 1,43,363 |
| 2 | 2,95,328 |
| 3 | 4,56,410 |
| 4 | 6,27,158 |
| 5 | 8,08,151 |
| 6 | 10,00,003 |

ಕೊನೆಯ ಸಾಲು ಗುರಿಗೆ ಬಂದು ನಿಂತರೆ ಲೆಕ್ಕ ಸರಿ. ಆ ಮೂರು ರೂಪಾಯಿ ಕಂತನ್ನು ಪೂರ್ಣಾಂಕ ಮಾಡಿದ್ದರಿಂದ ಬಂದದ್ದು.

ತಿಂಗಳ ಕಂತಾದರೆ

ವರ್ಷಕ್ಕೊಮ್ಮೆ ಒಂದೂವರೆ ಲಕ್ಷದ ಹತ್ತಿರ ಹೊಂದಿಸುವುದಕ್ಕಿಂತ ತಿಂಗಳಿಗೊಮ್ಮೆ ಕಟ್ಟುವುದು ಹಲವರಿಗೆ ಸಲೀಸು. ಆಗ ದರ ಮತ್ತು ಕಂತಿನ ಸಂಖ್ಯೆ ಎರಡೂ ತಿಂಗಳ ಲೆಕ್ಕಕ್ಕೆ ಬರಬೇಕು. ಬಡ್ಡಿಯನ್ನು ತಿಂಗಳಿಗೊಮ್ಮೆ ಸೇರಿಸುವ 6% ದರವಾದರೆ i 0.005, n 72. ಕಂತು 11,573 ರೂಪಾಯಿ. ಬ್ಯಾಂಕು ಬಡ್ಡಿಯನ್ನು ಮೂರು ತಿಂಗಳಿಗೋ ವರ್ಷಕ್ಕೋ ಸೇರಿಸುವುದಾದರೆ ದರವನ್ನು ಹೀಗೆ ನೇರವಾಗಿ ಹನ್ನೆರಡರಿಂದ ಭಾಗಿಸುವುದು ಪೂರ್ತಿ ಸರಿಯಲ್ಲ, ಕಂತು ತುಸು ಹೆಚ್ಚಾಗುತ್ತದೆ.

ಉತ್ತರ ತೀರಾ ವಿಚಿತ್ರವಾಗಿ ಬಂದರೆ i ವರ್ಷದ್ದು, n ತಿಂಗಳದ್ದು ಆಗಿರುತ್ತದೆ. ಬಡ್ಡಿಯಿಲ್ಲದ ಕಂತನ್ನು ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ: ಇಲ್ಲಿ ತಿಂಗಳಿಗೆ 13,889. ನಿಜವಾದ ಕಂತು ಅದಕ್ಕಿಂತ ಸ್ವಲ್ಪ ಕೆಳಗಿರಬೇಕು, ಅರ್ಧಕ್ಕೆ ಇಳಿದರೆ ಎಲ್ಲೋ ತಪ್ಪಿದೆ.

ಬಡ್ಡಿಗೂ ತೆರಿಗೆ ಇದೆ

6% ಅಂದದ್ದು ಬ್ಯಾಂಕಿನ ದರ. ಬಡ್ಡಿಯಲ್ಲಿ 30% ತೆರಿಗೆಗೆ ಹೋಗುತ್ತದೆ, ಅದನ್ನೂ ನಿಧಿಯಿಂದಲೇ ಕಟ್ಟುತ್ತೀರಿ ಅಂದರೆ ನಿಮಗೆ ಉಳಿಯುವುದು 4.2%. ಅದೇ ಸೂತ್ರಕ್ಕೆ 0.042 ಹಾಕಿದರೆ ವರ್ಷದ ಕಂತು 1,50,006ಕ್ಕೆ ಏರುತ್ತದೆ. ಮುಂದಿನ ಉದಾಹರಣೆಗೆ ತೆರಿಗೆ ಬದಿಗಿಟ್ಟು 6%ರಲ್ಲೇ ಮುಂದುವರಿಯುತ್ತೇನೆ. ನಿಮ್ಮ ಲೆಕ್ಕಕ್ಕೆ ಕೈಗೆ ಸಿಗುವ ದರವನ್ನೇ ಹಾಕಿ.

ಹಂತ 4: ಮಧ್ಯದಲ್ಲಿ ಲೆಕ್ಕ ತಿದ್ದಿ

ಆರು ವರ್ಷದ ಊಹೆ ಹಾಗೇ ನಿಲ್ಲುವುದು ಅಪರೂಪ. ವರ್ಷಕ್ಕೊಮ್ಮೆ ಹೊಸ ಕೊಟೇಶನ್ ತರಿಸಿ ನೋಡಿ. ಮೂರು ವರ್ಷ ಕಳೆದಿದೆ, ಅದೇ ಯಂತ್ರದ ಬೆಲೆ 9,60,000 ಆಗಿದೆ ಅಂದುಕೊಳ್ಳಿ. ನಮ್ಮ ಊಹೆಯ ಪ್ರಕಾರ ಅದು 9,26,100 ಇರಬೇಕಿತ್ತು.

ಇನ್ನೂ ಮೂರು ವರ್ಷ 5% ಏರಿದರೆ 11,11,320. ಗುಜರಿ ಕಳೆದರೆ ಹೊಸ ಗುರಿ 10,39,320. ಈಗಾಗಲೇ ಇರುವ 4,56,410 ಮೂರು ವರ್ಷದಲ್ಲಿ ತಾನೇ ಬೆಳೆದು ಸುಮಾರು 5,43,592 ಆಗುತ್ತದೆ. ಕೊರತೆ 4,95,728. ಮೂರು ಕಂತಿಗೆ ಒಂದು ರೂಪಾಯಿಯ ಲೆಕ್ಕ 3.1836. ಭಾಗಿಸಿದರೆ ಉಳಿದ ಮೂರು ವರ್ಷದ ಕಂತು 1,55,713. ಅಂದರೆ ವರ್ಷಕ್ಕೆ 12,350 ಜಾಸ್ತಿ. ತಿದ್ದದೆ ಬಿಟ್ಟಿದ್ದರೆ ಕೊನೆಯ ದಿನ 39,000ಕ್ಕೂ ಹೆಚ್ಚು ಕಡಿಮೆ ಬೀಳುತ್ತಿತ್ತು.

ಹಣ ಎಲ್ಲಿಡಬೇಕು

ವ್ಯವಹಾರದ ಚಾಲ್ತಿ ಖಾತೆಯಲ್ಲಿ ಮಾತ್ರ ಬೇಡ. ಅಲ್ಲಿದ್ದರೆ ಖಂಡಿತ ಖರ್ಚಾಗುತ್ತದೆ. ನಿಶ್ಚಿತ ಠೇವಣಿ ಇಡುವುದಾದರೆ ಅವಧಿ ಪ್ರತಿ ವರ್ಷ ಒಂದೊಂದು ಕಡಿಮೆಯಾಗಲಿ: ಮೊದಲ ಕಂತು ಐದು ವರ್ಷಕ್ಕೆ, ಎರಡನೆಯದು ನಾಲ್ಕಕ್ಕೆ, ಹೀಗೆ. ಆಗ ಎಲ್ಲವೂ ಒಟ್ಟಿಗೆ ಕೈಗೆ ಬರುತ್ತವೆ. ಮೂರನೇ ವರ್ಷದ ಕಂತನ್ನೂ ಐದು ವರ್ಷಕ್ಕೆ ಇಟ್ಟರೆ ಅವಧಿಗೆ ಮುಂಚೆ ಮುರಿಯಬೇಕಾಗುತ್ತದೆ, ಬಡ್ಡಿ ಕಡಿತವಾಗುತ್ತದೆ. ಹಾಗೇ, ನಂತರದ ಠೇವಣಿಗಳಿಗೆ ಅವತ್ತಿನ ದರ ಸಿಗುತ್ತದೆಯೇ ಹೊರತು ಮೊದಲ ವರ್ಷದ್ದಲ್ಲ. ದರ ಇಳಿದಿದ್ದರೆ ನಾಲ್ಕನೇ ಹಂತದ ಲೆಕ್ಕವನ್ನು ಆ ಹೊಸ ದರ ಹಾಕಿಯೇ ಮಾಡಿ.